ಗುಂಪು ಪ್ರಾಜೆಕ್ಟಿನ 70 ಅಂಕವನ್ನು ನಾಲ್ವರಿಗೆ ಹೇಗೆ ಹೊಂದಿಸುವುದು? ನನ್ನ ಲೆಕ್ಕ ಸರಿ ಇದೆಯಾ ನೋಡಿ

ಕೋಥ್ರೂಡ್ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಊರು ಧಾರವಾಡ. ಮೂರನೇ ವರ್ಷದ ಮಿನಿ ಪ್ರಾಜೆಕ್ಟ್ ಈ ಸಲ ನನ್ನ ಪಾಲಿಗೆ ಬಂದಿದೆ.

ಇಷ್ಟು ದಿನ ಗುಂಪಿಗೆ ಎಷ್ಟು ಬಂತೋ ಅಷ್ಟನ್ನೇ ಎಲ್ಲರಿಗೂ ಕೊಡುತ್ತಿದ್ದೆವು. ರಾತ್ರಿಯೆಲ್ಲ ಕೂತು ಕೋಡ್ ಬರೆದವಳಿಗೂ ಅದೇ, ಓರಲ್ ದಿನ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನಿಗೂ ಅದೇ. ಈ ಸಲ ಟರ್ಮ್‌ವರ್ಕ್ ಅಂಕಕ್ಕೆ ಮಕ್ಕಳೇ ಒಬ್ಬರಿಗೊಬ್ಬರು ರೇಟಿಂಗ್ ಕೊಡಲಿ ಅಂತ ಮಾಡಿದೆ. 0ಯಿಂದ 5ರವರೆಗೆ, ತಮಗೂ ಸೇರಿಸಿ. ಫಾರ್ಮ್ ಗುಟ್ಟಾಗಿ ತುಂಬಿದ್ದಾರೆ.

ಒಂದು ಗುಂಪಿನ ಲೆಕ್ಕ ಇಲ್ಲಿ ಹಾಕುತ್ತೇನೆ. ಹೆಸರು ಬೇಡ, ಕ ಖ ಗ ಘ ಅಂತ ಇಟ್ಟುಕೊಳ್ಳಿ. ಗುಂಪಿನ ಅಂಕ 100ಕ್ಕೆ 70.

ಕ ಕೊಟ್ಟದ್ದು: ಕ 4, ಖ 3, ಗ 2, ಘ 1
ಖ ಕೊಟ್ಟದ್ದು: ಕ 3, ಖ 3, ಗ 2, ಘ 2
ಗ ಕೊಟ್ಟದ್ದು: ಎಲ್ಲರಿಗೂ 5
ಘ ಕೊಟ್ಟದ್ದು: ಕ 2, ಖ 2, ಗ 3, ಘ 3

ಒಬ್ಬೊಬ್ಬರಿಗೆ ಬಂದದ್ದನ್ನು ಕೂಡಿಸಿದೆ. 14, 13, 12, 11 ಬಂತು. ಸರಾಸರಿ 12.5. ಅದರಿಂದ ಭಾಗಿಸಿ 70ರಿಂದ ಗುಣಿಸಿದರೆ ಕ 78.4, ಖ 72.8, ಗ 67.2, ಘ 61.6.

ಕ ಬಂದು "ಇಷ್ಟೇನಾ ಮೇಡಂ?" ಅಂದಳು. ಘ ಬಂದು "ಇಷ್ಟು ಕಡಿಮೆ ಯಾಕೆ ಮೇಡಂ?" ಅಂದ. ಇಬ್ಬರಿಗೂ ನೆಟ್ಟಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಅದೇ ನನ್ನನ್ನು ಕಾಡುತ್ತಿದೆ. ಈ ಲೆಕ್ಕದಲ್ಲಿ ತಪ್ಪಿದೆಯಾ?

ಡೊಂಬಿವಲಿ ಫಾಸ್ಟ್

ಮೇಡಂ, ತಪ್ಪು ಕಣ್ಣಿಗೇ ಕಾಣುತ್ತಿದೆ. ತನಗೆ ತಾನೇ ಅಂಕ ಕೊಟ್ಟುಕೊಳ್ಳಲು ಬಿಟ್ಟಿದ್ದೀರಿ. ಯಾರು ತಾನೇ ತನಗೆ ಕಡಿಮೆ ಹಾಕಿಕೊಳ್ಳುತ್ತಾರೆ? ಅದನ್ನು ತೆಗೆದು ಬಿಸಾಕಿ, ಎಲ್ಲ ಸರಿಹೋಗುತ್ತೆ. ನಮ್ಮ ಬ್ಯಾಂಕಿನಲ್ಲಿ ಅಪ್ರೈಸಲ್ ಹೊತ್ತಿಗೆ ನಾವು ಬರೆದುಕೊಳ್ಳುವುದನ್ನು ಮ್ಯಾನೇಜರ್ ಓದುತ್ತಾರೆ ಅಷ್ಟೇ, ಎಣಿಸುವುದಿಲ್ಲ.

ಮಡಗಾಂವ್ ಮೇಷ್ಟ್ರು

ಸ್ವಂತ ರೇಟಿಂಗ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಇನ್ನೊಂದು ತಪ್ಪಿದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಮೇಡಂ, ನಾಲ್ವರೂ ಕೊಟ್ಟ ಒಟ್ಟು ಅಂಕ ಎಷ್ಟು ನೋಡಿ. ಕ ಹಂಚಿದ್ದು 10. ಖ 10. ಘ 10. ಗ ಮಾತ್ರ 20. ಒಟ್ಟು 50ರಲ್ಲಿ 20 ಅವಳೊಬ್ಬಳದೇ. ಅವಳು ಕೈ ಬಿಚ್ಚಿ ಕೊಡುವ ಸ್ವಭಾವದವಳು ಅಷ್ಟೇ, ಆದರೆ ನಿಮ್ಮ ಲೆಕ್ಕದಲ್ಲಿ ಅವಳ ಮಾತಿಗೆ ಬೇರೆಯವರ ಎರಡರಷ್ಟು ತೂಕ ಬಿದ್ದಿದೆ. ಅವಳು "ಎಲ್ಲರೂ ಸಮ" ಅಂದಿದ್ದಾಳೆ. ಹಾಗಾಗಿ ನಾಲ್ವರೂ ಒಬ್ಬರ ಹತ್ತಿರ ಒಬ್ಬರು ಬಂದುಬಿಟ್ಟಿದ್ದಾರೆ.

ನಾನು ನಮ್ಮ ಮಕ್ಕಳಿಗೆ ಹೇಳುವುದು ಹೀಗೆ. ಪ್ರತಿಯೊಬ್ಬರ ಕೈಗೂ ಒಂದೇ ಒಂದು ರೂಪಾಯಿ ಕೊಟ್ಟಿದ್ದೇನೆ, ಅದನ್ನು ಗುಂಪಿನಲ್ಲಿ ಹಂಚಿ. ಧಾರಾಳಿಯ ಕೈಯಲ್ಲೂ ಒಂದು ರೂಪಾಯಿ, ಜಿಪುಣನ ಕೈಯಲ್ಲೂ ಒಂದು ರೂಪಾಯಿ. ಅವರು ಕೊಟ್ಟ ಅಂಕವನ್ನು ಅವರೇ ಹಂಚಿದ ಮೊತ್ತದಿಂದ ಭಾಗಿಸಿದರೆ ಇದೇ ಆಗುತ್ತದೆ. ಈಗ ನೋಡಿ:

ಕ: 40, 30, 20, 10 ಪೈಸೆ
ಖ: 30, 30, 20, 20
ಗ: 25, 25, 25, 25
ಘ: 20, 20, 30, 30

ಕೆಳಮುಖವಾಗಿ ಕೂಡಿಸಿ. ಕಗೆ 1.15 ರೂಪಾಯಿ, ಖಗೆ 1.05, ಗಗೆ 0.95, ಘಗೆ 0.85. ಈ ಸಂಖ್ಯೆಯಿಂದಲೇ 70ನ್ನು ಗುಣಿಸುವುದು. 80.5, 73.5, 66.5, 59.5. ಎಲ್ಲರೂ ಸಮ ಕೆಲಸ ಮಾಡಿದ್ದರೆ ಎಲ್ಲರ ಕೈಗೂ ಸರಿಯಾಗಿ ಒಂದು ರೂಪಾಯಿ ಬರುತ್ತಿತ್ತು, ಎಲ್ಲರಿಗೂ 70.

ಇದು ನನ್ನ ಸ್ವಂತ ಲೆಕ್ಕವಲ್ಲ. ಇಂಗ್ಲೆಂಡಿನ ಲಫ್‌ಬರೊ ಯೂನಿವರ್ಸಿಟಿಯವರು ವೆಬ್‌ಪಿಎ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದಾರೆ, ಅದು ಓಪನ್ ಸೋರ್ಸ್. ಅದರ ಒಳಗಿನ ಲೆಕ್ಕ ಇದೇ. ಅದನ್ನು ಹಾಕಿಸಲು ಯಾರನ್ನೂ ಕೇಳಬೇಕಿಲ್ಲ, ಶೀಟಿನಲ್ಲೇ ಆಗುತ್ತದೆ. ರೇಟಿಂಗ್ B2ಯಿಂದ E5ರವರೆಗೆ ಇರಲಿ, ಕೊಟ್ಟವರು ಅಡ್ಡ ಸಾಲಿನಲ್ಲಿ. ಮೊದಲ ಸೂತ್ರ B7ರಲ್ಲಿ ಬರೆದು E10ರವರೆಗೆ ಎಳೆಯಿರಿ, ಎರಡನೆಯದನ್ನು B11ರಲ್ಲಿ ಬರೆದು E11ರವರೆಗೆ:

```
=B2/SUM($B2:$E2)
=SUM(B7:B10)
```

ಅಂಧೇರಿ ಬಾಯ್

ಸರ್, ನಾನು ಮುಂಬೈನಲ್ಲಿ ಓದುತ್ತಿದ್ದೇನೆ. ನಮ್ಮ ಗುಂಪಿನಲ್ಲೂ ಹೀಗೇ ರೇಟಿಂಗ್ ಮಾಡಿದರು, ಆದರೆ ನಮಗೆ ಮೋಸ ಆಗಿದೆ. ಗುಂಪಿಗೆ ಬಂದದ್ದು 72. ನಾವು ಮೂವರೂ ಮೊದಲೇ ಮಾತಾಡಿಕೊಂಡು ಎಲ್ಲರಿಗೂ ಸಮ ಕೊಟ್ಟಿದ್ದೆವು. ನಾಲ್ಕನೆಯವನು ಫಾರ್ಮ್ ತುಂಬಲೇ ಇಲ್ಲ. ಈಗ ನಾಲ್ವರಿಗೂ 54 ಬಂದಿದೆ. ಸಮ ಕೊಟ್ಟರೆ 72 ಬರಬೇಕಲ್ವಾ? ಕೇಳಿದರೆ "ಸಿಸ್ಟಮ್ ಲೆಕ್ಕ ಹಾಕಿದೆ, ನೀವೇ ಒಬ್ಬರಿಗೊಬ್ಬರು ಕಡಿಮೆ ಕೊಟ್ಟಿದ್ದೀರಿ" ಅಂತ ಕಳಿಸಿಬಿಟ್ಟರು. ನಾವು ಕೊಟ್ಟಿಲ್ಲ ಸರ್, ಆಣೆಗೂ ಕೊಟ್ಟಿಲ್ಲ.

ಮಡಗಾಂವ್ ಮೇಷ್ಟ್ರು

ನೀವು ಹೇಳುತ್ತಿರುವುದು ನಿಜ, ನಿಮ್ಮ ಸಂಖ್ಯೆಯೇ ಅದನ್ನು ಹೇಳುತ್ತಿದೆ. 54ನ್ನು 72ರಿಂದ ಭಾಗಿಸಿ. 0.75.

ನಾಲ್ಕು ಜನ ಇದ್ದೀರಿ, ಮೂರೇ ರೂಪಾಯಿ ಹಂಚಿಕೆ ಆಗಿದೆ. ಮೂವರೂ ಒಬ್ಬೊಬ್ಬರಿಗೆ 25 ಪೈಸೆ ಕೊಟ್ಟರೆ ಪ್ರತಿಯೊಬ್ಬರ ಕೈಯಲ್ಲಿ 75 ಪೈಸೆ. ನಾಲ್ಕನೆಯವನ ರೂಪಾಯಿ ಬರಲೇ ಇಲ್ಲ. ಅವನು ಫಾರ್ಮ್ ತುಂಬದ್ದಕ್ಕೆ ನಾಲ್ವರೂ ದಂಡ ಕಟ್ಟಿದ್ದೀರಿ.

ಇಂಥ ಕಡೆ ಗುಂಪಿನಲ್ಲಿರುವವರ ಸಂಖ್ಯೆಯನ್ನು ಫಾರ್ಮ್ ಕೊಟ್ಟವರ ಸಂಖ್ಯೆಯಿಂದ ಭಾಗಿಸಿ, ಬಂದ ಉತ್ತರದಿಂದ ಒಬ್ಬೊಬ್ಬರ ಮೊತ್ತವನ್ನು ಗುಣಿಸಬೇಕು. ನಿಮಗೆ ನಾಲ್ಕು ಭಾಗಿಸು ಮೂರು. 0.75 ಮತ್ತೆ 1 ಆಗುತ್ತದೆ, 72 ವಾಪಸ್. ವೆಬ್‌ಪಿಎ ಇದನ್ನು ತಾನೇ ಮಾಡುತ್ತದೆ. ಯಾರೋ ಕೈಯಿಂದ ಶೀಟ್ ಮಾಡಿದಾಗ ಇದನ್ನು ಬಿಟ್ಟಿರಬೇಕು.

ಶೀಟ್ ಮಾಡುವ ಎಲ್ಲರಿಗೂ ಒಂದು ಪರೀಕ್ಷೆ ಹೇಳುತ್ತೇನೆ. ಎಲ್ಲರ ಸಂಖ್ಯೆಯನ್ನೂ ಅಡ್ಡ ಕೂಡಿಸಿ. ನಾಲ್ವರ ಗುಂಪಾದರೆ 4 ಬರಲೇಬೇಕು. ಮೇಡಂ ಗುಂಪಿನಲ್ಲಿ 1.15, 1.05, 0.95, 0.85 ಕೂಡಿಸಿದರೆ ಸರಿಯಾಗಿ 4. ನಿಮ್ಮಲ್ಲಿ 3 ಬರುತ್ತದೆ. ಅದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ಕೋಆರ್ಡಿನೇಟರ್‌ಗೆ ತೋರಿಸಿ. ಮೋಸ ಅನ್ನಬೇಡಿ. "ಮೊತ್ತ 4 ಬರಬೇಕಿತ್ತು, 3 ಬಂದಿದೆ" ಅಂತ ಮಾತ್ರ ಹೇಳಿ.

ಡೊಂಬಿವಲಿ ಫಾಸ್ಟ್

ರೂಪಾಯಿ ಲೆಕ್ಕ ಒಪ್ಪಿದೆ ಮೇಷ್ಟ್ರೇ. ಆದರೂ ನನ್ನ ಮಾತು ಉಳಿದೇ ಇದೆ. ಕ ತನ್ನ ರೂಪಾಯಿಯಲ್ಲಿ 40 ಪೈಸೆ ತನ್ನ ಜೇಬಿಗೇ ಹಾಕಿಕೊಂಡಿದ್ದಾಳೆ. ಘ 30. ಅದು ಹೇಗೆ ನ್ಯಾಯ?

ಮಡಗಾಂವ್ ಮೇಷ್ಟ್ರು

ನಿಮ್ಮ ಅನುಮಾನ ಸರಿಯಾಗಿದೆ, ಔಷಧಿ ಮಾತ್ರ ಪೂರ್ತಿ ಸರಿಯಿಲ್ಲ. ತೆಗೆದೇ ನೋಡೋಣ. ಪ್ರತಿಯೊಬ್ಬರೂ ರೂಪಾಯಿಯನ್ನು ಉಳಿದ ಮೂವರಿಗೆ ಮಾತ್ರ ಹಂಚುತ್ತಾರೆ. ಕ ತನ್ನದನ್ನು ಖ 3, ಗ 2, ಘ 1ರ ಪ್ರಮಾಣದಲ್ಲಿ ಹಂಚಿದರೆ 50, 33, 17 ಪೈಸೆ. ಹೀಗೇ ನಾಲ್ವರದ್ದೂ ಹಾಕಿದರೆ ಖ ಸುಮಾರು 1.12, ಕ 1.05, ಗ 1.05, ಘ 0.79.

ಏನಾಯ್ತು ನೋಡಿ. ಮೊದಲ ಸ್ಥಾನದಲ್ಲಿದ್ದ ಕ ಈಗ ಗ ಸಮಕ್ಕೆ ಬಂದಳು. ಕ ಮತ್ತು ಖ ಇಬ್ಬರೂ ಗಗೆ ತಮಗಿಂತ ಕಡಿಮೆ ಕೊಟ್ಟಿದ್ದರೂ ಹೀಗಾಯಿತು! ಕಾರಣ ಎರಡು. ಕ ಹಂಚುವ ರೂಪಾಯಿಯಲ್ಲಿ ಕಗೆ ಪಾಲೇ ಇಲ್ಲ, ಅದು ಪೂರ್ತಿ ಉಳಿದವರಿಗೆ ಹೋಗಿ ಅವರನ್ನು ಮೇಲೆತ್ತುತ್ತದೆ. ಎರಡನೆಯದು, ಮೊದಲು ಕಗೆ ನಾಲ್ಕು ಕಡೆಯಿಂದ ಬರುತ್ತಿತ್ತು, ಈಗ ಮೂರೇ ಕಡೆಯಿಂದ. ಆ ಮೂರರಲ್ಲಿ ಒಂದು ಘ ಕೊಟ್ಟದ್ದು. ಘಗೆ ಕ ಮೇಲೆ ಸಿಟ್ಟಿದ್ದರೆ ಅವನ ಒಂದು ಫಾರ್ಮಿನ ಪೆಟ್ಟು ಈಗ ಜಾಸ್ತಿ ಜೋರಾಗಿ ಬೀಳುತ್ತದೆ. ಎಂಟು ಜನರ ಗುಂಪಾದರೆ ಇದು ಅಷ್ಟು ಕಾಣುವುದಿಲ್ಲ. ಮೂರು ನಾಲ್ಕು ಜನರ ಗುಂಪಿನಲ್ಲಿ ತುಂಬಾ ಕಾಣುತ್ತದೆ.

ಅದಕ್ಕೆ ನಾನು ಸ್ವಂತ ರೇಟಿಂಗನ್ನು ಲೆಕ್ಕದಲ್ಲಿ ಇಟ್ಟುಕೊಂಡೇ, ಪಕ್ಕದಲ್ಲಿ ಇನ್ನೊಂದನ್ನು ನೋಡುತ್ತೇನೆ. ತಾನು ತನಗೆ ಎಷ್ಟು ಕೊಟ್ಟುಕೊಂಡ, ಬೇರೆಯವರು ಸರಾಸರಿ ಎಷ್ಟು ಕೊಟ್ಟರು? ಕ ತನಗೆ 40 ಪೈಸೆ, ಬೇರೆಯವರು ಸರಾಸರಿ 25. ಘ ತನಗೆ 30, ಬೇರೆಯವರು ಸರಾಸರಿ 18. ಲೆಕ್ಕ ಹಾಕಿದರೆ ಇಬ್ಬರೂ ತಮ್ಮನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, 1.6 ಪಟ್ಟು, ಎತ್ತಿ ಹೇಳಿಕೊಂಡಿದ್ದಾರೆ. ಖ ಮತ್ತು ಗ ಅಷ್ಟು ಎತ್ತಿ ಹೇಳಿಕೊಂಡಿಲ್ಲ.

ಮೇಡಂ, ಕ ಪ್ರಾಮಾಣಿಕಳು, ಘ ಸೋಮಾರಿ ಅಂತ ನೀವು ಈಗಾಗಲೇ ತೀರ್ಮಾನ ಮಾಡಿದ್ದರೆ, ದಯವಿಟ್ಟು ಸ್ವಲ್ಪ ತಡೆಯಿರಿ. ಈ ಸಂಖ್ಯೆಗಳು ಹಾಗೆ ಹೇಳುತ್ತಿಲ್ಲ. ಇಬ್ಬರ ನಡುವೆ ಏನೋ ಇದೆ, ಕರೆದು ಮಾತಾಡಿಸಿ.

ವಾಶಿ ಅಮ್ಮ

ನಾನು ಟೀಚರ್ ಅಲ್ಲ, ತಾಯಿ. ಓದುತ್ತಾ ಕಣ್ಣು ತುಂಬಿತು. ನನ್ನ ಮಗಳ ಗುಂಪಿನಲ್ಲಿ ಉಳಿದವರೆಲ್ಲ ಹಾಸ್ಟೆಲ್. ಇವಳು ಸಂಜೆ ಲೋಕಲ್ ಹಿಡಿದು ಮನೆಗೆ ಬರಬೇಕು. ರಾತ್ರಿ ಎರಡರವರೆಗೆ ಕೂತು ರಿಪೋರ್ಟ್ ಪೂರ್ತಿ ಇವಳೇ ಬರೆದಳು, ನಾನೇ ಪಕ್ಕದಲ್ಲಿ ಕೂತು ಟೀ ಮಾಡಿಕೊಟ್ಟಿದ್ದೇನೆ. ರೇಟಿಂಗ್ ಬಂದಾಗ ಎಲ್ಲರೂ ಇವಳಿಗೆ ಕಡಿಮೆ ಕೊಟ್ಟರು, "ಅವಳು ಮೀಟಿಂಗಿಗೇ ಬರುವುದಿಲ್ಲ" ಅಂತ. ಇದಕ್ಕೆ ನಿಮ್ಮ ಲೆಕ್ಕದಲ್ಲಿ ಏನು ದಾರಿ ಇದೆ ಮೇಷ್ಟ್ರೇ? ಕಾಲೇಜಿಗೆ ಹೋಗಿ ನಾನು ಮಾತಾಡಬಹುದಾ?

ಪಿಂಪ್ರಿ ಸರ್

ಅಕ್ಕಾ, ನಾನೂ ಪುಣೆಯಲ್ಲಿ ಪಾಠ ಮಾಡುವವನು. ನಿಮ್ಮ ಮಗಳಿಗೆ ಆದದ್ದು ಈ ಇಡೀ ವ್ಯವಸ್ಥೆಯ ದೊಡ್ಡ ದೋಷ. ಸೂತ್ರ ಅದನ್ನು ಸರಿಮಾಡುವುದಿಲ್ಲ. ಮಕ್ಕಳು ಕಣ್ಣಿಗೆ ಕಂಡದ್ದಕ್ಕೆ ಅಂಕ ಕೊಡುತ್ತಾರೆ. ಲ್ಯಾಬಿನಲ್ಲಿ ಪಕ್ಕದಲ್ಲಿ ಕೂತವನು ಕಾಣುತ್ತಾನೆ, ಮನೆಯಲ್ಲಿ ಕೂತು ಬರೆದವಳು ಕಾಣುವುದಿಲ್ಲ.

ಎರಡು ಕೆಲಸ ಮಾಡಿದರೆ ಇದು ಬಹಳ ಕಡಿಮೆ ಆಗುತ್ತದೆ ಅನ್ನುವುದು ನನ್ನ ಅನುಭವ. ಒಂದು, "ಎಷ್ಟು ಕೆಲಸ ಮಾಡಿದರು?" ಅಂತ ಒಂದೇ ಪ್ರಶ್ನೆ ಕೇಳಬಾರದು. "ಒಪ್ಪಿಕೊಂಡ ಭಾಗವನ್ನು ಹೇಳಿದ ದಿನಕ್ಕೆ ಮುಗಿಸಿ ಕೊಟ್ಟರಾ?", "ಬೇರೆಯವರ ಭಾಗವನ್ನು ಓದಿ ತಪ್ಪು ತೋರಿಸಿದರಾ?" ಅಂತ ಕೇಳಬೇಕು. ಪ್ರತಿ ಸಂಖ್ಯೆಯ ಪಕ್ಕ ಒಂದು ಸಾಲು ಕಾರಣ ಬರೆಸಬೇಕು. ಎರಡು, ಮೊದಲ ರಿವ್ಯೂ ಹೊತ್ತಿಗೇ ಒಂದು ಸಲ ರೇಟಿಂಗ್ ಮಾಡಿಸಬೇಕು, ಅಂಕಕ್ಕೆ ಸೇರಿಸದೆ. ಆಗ ನಿಮ್ಮ ಮಗಳಿಗೆ "ನಾನು ಮಾಡುತ್ತಿರುವುದು ಇವರಿಗೆ ಗೊತ್ತೇ ಇಲ್ಲ" ಅಂತ ಅಕ್ಟೋಬರಿನಲ್ಲೇ ಗೊತ್ತಾಗುತ್ತಿತ್ತು. ಎಲ್ಲ ಮುಗಿದ ಮೇಲೆ ಗೊತ್ತಾದರೆ ಅವಳು ಏನು ಮಾಡಬಲ್ಲಳು?

ಮಾತಾಡುವುದಾದರೆ ಮೊದಲು ಮಗಳೇ ಹೋಗಲಿ. ಆ ಡಾಕ್ಯುಮೆಂಟಿನ ವರ್ಷನ್ ಹಿಸ್ಟರಿ ತೆಗೆದು ತೋರಿಸಲಿ. ಯಾವ ರಾತ್ರಿ ಎಷ್ಟು ಗಂಟೆಗೆ ಏನು ಬರೆದಳು ಅನ್ನುವುದು ಅಲ್ಲೇ ಇರುತ್ತದೆ.

ಇನ್ನು ಕೋಥ್ರೂಡ್ ಮೇಡಂ, ಮೇಷ್ಟ್ರ ಜೊತೆ ನನಗೆ ಒಂದು ಭಿನ್ನಾಭಿಪ್ರಾಯ ಇದೆ. ಪೂರ್ತಿ 70ನ್ನೂ ಮಕ್ಕಳ ರೇಟಿಂಗಿನಿಂದ ಗುಣಿಸುವುದು ನನಗೆ ಒಪ್ಪಿಗೆಯಿಲ್ಲ. ಕ 80.5, ಘ 59.5, ನಡುವೆ 21 ಅಂಕ! ನಾಲ್ಕು ಮಕ್ಕಳು ಐದು ನಿಮಿಷದಲ್ಲಿ ತುಂಬಿದ ಫಾರ್ಮಿಗೆ ಇಷ್ಟು ಬಲ ಬೇಡ. ಅರ್ಧ ಅಂಕ ಎಲ್ಲರಿಗೂ ಹಾಗೇ ಇರಲಿ, ಅರ್ಧಕ್ಕೆ ಮಾತ್ರ ರೇಟಿಂಗ್ ತಾಗಲಿ:

```
=0.5*70 + 0.5*70*B11
```

ಕ 75.25, ಖ 71.75, ಗ 68.25, ಘ 64.75. ಕ್ರಮ ಅದೇ, ಅಂತರ ಅರ್ಧ.

ಮಡಗಾಂವ್ ಮೇಷ್ಟ್ರು

ಪಿಂಪ್ರಿ ಸರ್, ಅದು ಭಿನ್ನಾಭಿಪ್ರಾಯವೇ ಅಲ್ಲ. ವೆಬ್‌ಪಿಎಯಲ್ಲೂ ಆ ಪಾಲನ್ನು ಟೀಚರ್ ಮೊದಲೇ ಆರಿಸಬೇಕು. ನಾನು ಲೆಕ್ಕ ಬಿಡಿಸಲು ಪೂರ್ತಿ ತೆಗೆದುಕೊಂಡೆ. ನನ್ನ ಕ್ಲಾಸಿನಲ್ಲೂ ಅರ್ಧವೇ.

ಇನ್ನೊಂದು ದಾರಿಯೂ ಇದೆ. 2000ದಲ್ಲಿ ಅಮೆರಿಕದ ಕಾಫ್‌ಮನ್, ಫೆಲ್ಡರ್, ಫುಲರ್ ಬರೆದ ಲೇಖನದಲ್ಲಿ ಮೇಲಕ್ಕೆ 1.05 ಅಂತ ಮಿತಿ ಹಾಕಿದ್ದರು. ಎಷ್ಟೇ ಹೊಗಳಿಕೆ ಬಂದರೂ ಗುಂಪಿನ ಅಂಕದ ಮೇಲೆ ಐದು ಪರ್ಸೆಂಟಿಗಿಂತ ಜಾಸ್ತಿ ಸಿಗುವುದಿಲ್ಲ, ಕೆಳಗೆ ಮಾತ್ರ ಇಳಿಯಬಹುದು. ಒಬ್ಬಳೇ ಎಲ್ಲವನ್ನೂ ಎಳೆದುಕೊಂಡು ಮಾಡುವ ಹುಡುಗಿಗೆ ಬಹುಮಾನ ಸಿಗಬಾರದು ಅನ್ನುವ ಕಡೆ ಇದು ಒಳ್ಳೆಯದು. ಆದರೆ ಮಿತಿ ಹಾಕಿದರೆ ನಾನು ಹೇಳಿದ "ಮೊತ್ತ 4" ಪರೀಕ್ಷೆಯನ್ನು ಮಿತಿ ಹಾಕುವ ಮೊದಲೇ ಮಾಡಿಕೊಳ್ಳಬೇಕು.

ಅಂಧೇರಿ ಬಾಯ್

ಸರ್, ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಸಮ ಕೊಟ್ಟದ್ದು ಕೆಲಸ ಸಮ ಇತ್ತು ಅಂತ ಅಲ್ಲ. ನಾಲ್ಕನೆಯವನು ಏನೂ ಮಾಡಿರಲಿಲ್ಲ. ಆದರೆ ಮುಂದಿನ ವರ್ಷವೂ ಅವನ ಜೊತೆಗೇ ಇರಬೇಕು, ರೂಮ್ ಕೂಡ ಒಂದೇ. ನಾಲ್ಕು ಜನರ ಗುಂಪಿನಲ್ಲಿ ಯಾರು ಕಡಿಮೆ ಕೊಟ್ಟರು ಅಂತ ಕಂಡುಹಿಡಿಯುವುದು ಕಷ್ಟವಾ? ಎಲ್ಲರೂ 5 ಹಾಕಿ ಅಂತ ಎಲ್ಲ ಗುಂಪಿನಲ್ಲೂ ಹೇಳುತ್ತಾರೆ.

ಮಡಗಾಂವ್ ಮೇಷ್ಟ್ರು

ಬೇಜಾರಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಎಲ್ಲರೂ ಸಮ ಕೊಟ್ಟರೆ ಸೂತ್ರ ಸುಮ್ಮನೆ 1 ತೋರಿಸುತ್ತದೆ. ನಿಜವಾಗಿ ಸಮ ದುಡಿದ ಗುಂಪಿಗೂ, ಒಪ್ಪಂದ ಮಾಡಿಕೊಂಡ ಗುಂಪಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗದು. ಅಂಥ ಗುಂಪನ್ನು ನಾನು ವೈವಾದಲ್ಲಿ ಒಬ್ಬೊಬ್ಬರಾಗಿ ಕೂರಿಸಿ, ಬೇರೆಯವರು ಬರೆದ ಭಾಗದ ಬಗ್ಗೆ ಕೇಳುತ್ತೇನೆ. ಸಮ ದುಡಿದವರಿಗೆ ಪಕ್ಕದವನ ಭಾಗವೂ ಅಷ್ಟಿಷ್ಟು ಗೊತ್ತಿರುತ್ತದೆ. ರೂಮ್ ಒಂದೇ ಆಗಿದ್ದರೆ ಏನು ಮಾಡುವುದು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಕೋಥ್ರೂಡ್ ಮೇಡಂ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಹಾಗೆ ಇಬ್ಬರನ್ನೂ ಬೇರೆ ಬೇರೆ ಕರೆದು ಕೂರಿಸಿದೆ.

ಅದಕ್ಕೂ ಮೊದಲು ಅವರು ಕೋಡ್ ಇಟ್ಟಿರುವ ರೆಪೊಸಿಟರಿಯಲ್ಲಿ, ಯಾರು ಎಷ್ಟು ಸಲ ಕೋಡ್ ಸೇರಿಸಿದ್ದಾರೆ ಅಂತ ತೋರಿಸುವ ಈ ಕಮಾಂಡ್ ಹಾಕಿ ನೋಡಿದೆ:

```
git shortlog -sn
```

ಕ ಹೆಸರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಮಿಟ್. ಘ ಹೆಸರಿನಲ್ಲಿ ಎರಡು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಮೇಲೆ ಘ ತನ್ನ ಫೋನ್ ತೆಗೆದು ಫೋಟೋ ತೋರಿಸಿದ. ಇವರ ಪ್ರಾಜೆಕ್ಟ್ ತರಕಾರಿ ಬೆಲೆಯ ಅಂದಾಜು. ಅದಕ್ಕೆ ಬೇಕಾದ ಬೆಲೆಗಳನ್ನು ಅವನು ಬೆಳಗಿನ ಜಾವ ಮಾರ್ಕೆಟ್ ಯಾರ್ಡಿಗೆ ಹೋಗಿ ಬರೆದುಕೊಂಡು ಬಂದಿದ್ದ. ಆರು ವಾರ. ಜೊತೆಗೆ ಹೋದವಳು ಗ ಒಬ್ಬಳೇ. ಗ ಎಲ್ಲರಿಗೂ ಸಮ ಕೊಟ್ಟದ್ದು ಧಾರಾಳ ಸ್ವಭಾವದಿಂದ ಅಂತ ನಾವೆಲ್ಲ ಇಲ್ಲಿ ಮಾತಾಡಿದೆವಲ್ಲ, ಅವಳು ಎರಡೂ ಕಡೆಯ ಕೆಲಸ ಕಣ್ಣಾರೆ ನೋಡಿದ್ದಳು. ಆ ನಾಲ್ವರಲ್ಲಿ ಹಾಗೆ ನೋಡಿದವಳು ಅವಳೊಬ್ಬಳೇ.

ಕ ಸುಳ್ಳು ಹೇಳಿಲ್ಲ. ಅವಳಿಗೆ ಗೊತ್ತಿರಲಿಲ್ಲ. ಡೇಟಾ ಇಂಟರ್‌ನೆಟ್‌ನಿಂದ ಇಳಿಸಿಕೊಂಡದ್ದು ಅಂದುಕೊಂಡಿದ್ದಳು. ಆದರೆ ಘ ತಪ್ಪೂ ಇದೆ. ನವೆಂಬರಿನಿಂದ ಆಚೆಗೆ ಅವನು ಏನೂ ಮಾಡಿಲ್ಲ, ಅದನ್ನು ಅವನೇ ಒಪ್ಪಿದ.

ಈಗ ನಾನು ಪಿಂಪ್ರಿ ಸರ್ ಹೇಳಿದ ಅರ್ಧ ಪಾಲಿನ ಲೆಕ್ಕ ತೆಗೆದುಕೊಂಡಿದ್ದೇನೆ. ಗುಂಪಿನ ಮುಂದೆ ಘ ಮಾಡಿದ್ದನ್ನು ಹೇಳಿ, ನಾಲ್ವರಿಂದಲೂ ಹೊಸದಾಗಿ ಫಾರ್ಮ್ ತುಂಬಿಸುತ್ತೇನೆ, ಈ ಸಲ ಕಾರಣದ ಸಾಲಿನ ಜೊತೆ. ಹಾಗೆ ಮಾಡುವುದು ಸರಿಯಾ ಅನ್ನುವ ಬಗ್ಗೆ ಮನಸ್ಸು ಇನ್ನೂ ಎರಡಾಗಿದೆ. ಒಂದು ಗುಂಪಿಗೆ ಎರಡನೇ ಅವಕಾಶ ಕೊಟ್ಟರೆ ಉಳಿದ ಹದಿನಾಲ್ಕು ಗುಂಪಿನವರು ನಮಗೆ ಯಾಕಿಲ್ಲ ಅಂತ ಕೇಳಬಹುದು.

ಪಿಂಪ್ರಿ ಸರ್

ಕೇಳಿಯೇ ಕೇಳುತ್ತಾರೆ ಮೇಡಂ. ನಾನಾಗಿದ್ದರೆ ಮರು ರೇಟಿಂಗ್ ಮಾಡಿಸುತ್ತಿರಲಿಲ್ಲ. ಮಾರ್ಕೆಟ್ ಯಾರ್ಡ್ ವಿಷಯ ನೀವು ಹೇಳಿದ ಮೇಲೆ ಅವರು ಬರೆಯುವುದು ನಿಮ್ಮ ಅಭಿಪ್ರಾಯವನ್ನೇ. ಟೀಚರ್ ಆಗಿ ನೀವೇ ಘ ಅಂಕವನ್ನು ತಿದ್ದಿ, ಕಾರಣ ಬರೆದು ಸಹಿ ಹಾಕಿ. ಸೂತ್ರದ ಕೊನೆಯಲ್ಲಿ ಒಬ್ಬ ಮನುಷ್ಯ ಜವಾಬ್ದಾರಿ ತೆಗೆದುಕೊಳ್ಳಬೇಕು, ಅದು ನೀವು.

ಮಡಗಾಂವ್ ಮೇಷ್ಟ್ರು

ಇಲ್ಲಿ ನಾನು ಮೇಡಂ ಕಡೆ. ಎಲ್ಲ ಹದಿನೈದು ಗುಂಪಿಗೂ ಕಾರಣದ ಸಾಲಿನ ಜೊತೆ ಎರಡನೇ ಸಲ ತುಂಬಲು ಬಿಡಿ. ಕೆಲಸ ಜಾಸ್ತಿಯಾಗುತ್ತದೆ, ಆದರೆ ಯಾರೂ ಬೆರಳು ತೋರಿಸುವುದಿಲ್ಲ. ಮತ್ತೆ, ಗ ಬಗ್ಗೆ ನಾನು ಹಗುರವಾಗಿ ಬರೆದೆ. ಸೂತ್ರದಲ್ಲಿ ಅವಳ ಮಾತಿಗೆ ಒಂದೇ ರೂಪಾಯಿ ಸಿಗಬೇಕು ಅನ್ನುವುದು ಈಗಲೂ ಸರಿ. ಅವಳ ಮನಸ್ಸನ್ನು ಮಾತ್ರ ನಾನು ತಪ್ಪು ಓದಿದೆ.

ವಾಶಿ ಅಮ್ಮ

ಮಗಳಿಗೆ ವರ್ಷನ್ ಹಿಸ್ಟರಿ ವಿಷಯ ಹೇಳಿದೆ. ನಿನ್ನೆ ರಾತ್ರಿ ತೆಗೆದು ಪ್ರಿಂಟ್ ಹಾಕಿಕೊಂಡಳು, ಹನ್ನೊಂದು ಪುಟ. ಸೋಮವಾರ ಅವಳೇ ಹೋಗುತ್ತಾಳೆ. ನಾನು ಹೋಗುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಅಂಧೇರಿ ಬಾಯ್

ಸರ್, ಕೋಆರ್ಡಿನೇಟರ್ ಹತ್ತಿರ ಹೋಗಿದ್ದೆ. ನೀವು ಹೇಳಿದ ಹಾಗೆ ಬರೀ ಮೊತ್ತ ಕೂಡಿಸಿ ತೋರಿಸಿದೆ. ಅವರೇ ಶೀಟ್ ತೆರೆದು ನೋಡಿದರು, 3 ಇತ್ತು. ಇನ್ನೂ ಎರಡು ಗುಂಪಿನಲ್ಲಿ ಹೀಗೇ ಆಗಿದೆಯಂತೆ. ಗುರುವಾರ ತಿದ್ದುತ್ತೇವೆ ಅಂದರು. ಫಾರ್ಮ್ ತುಂಬದ ನಮ್ಮ ಹುಡುಗನಿಗೂ 72 ಬರುತ್ತಾ ಅಂತ ಕೇಳಿದೆ. ಅದನ್ನು ಡಿಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಇಡುತ್ತಾರಂತೆ.